‘ಹಳೆಯ ಜೋಳ ಮತ್ತು ಗೋಧಿಯನ್ನು’: ಅವಲಂಬನೆಯ ಗೆರೆಯೋ, ಪದಗುಚ್ಛದ ಆವರಣವೋ?

ಮಲಪ್ರಭಾ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಸಹಪಾಠಿ ಸೇರಿ ಐದುನೂರು ಕನ್ನಡ ವಾಕ್ಯಗಳ ಸಣ್ಣದೊಂದು ಟ್ರೀಬ್ಯಾಂಕ್, ಅಂದರೆ ರಚನೆಯನ್ನು ಗುರುತಿಸಿದ ವಾಕ್ಯಗಳ ಸಂಗ್ರಹ, ಕಟ್ಟುತ್ತಿದ್ದೇವೆ. ವಾಕ್ಯಗಳೆಲ್ಲ ಸಂತೆ, ಪೇಟೆ, ಬೆಳೆಗಳ ಕುರಿತಾದವು. ಇಬ್ಬರೂ ಒಬ್ಬರದನ್ನೊಬ್ಬರು ನೋಡದೆ ಗುರುತು ಹಾಕುತ್ತೇವೆ, ವಾರಕ್ಕೊಮ್ಮೆ ಎರಡೂ ಕಡತಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತೇವೆ. ಯೂನಿವರ್ಸಲ್ ಡಿಪೆಂಡೆನ್ಸೀಸ್ ಎಂಬ ಅವಲಂಬನ ಪದ್ಧತಿಯ ಎರಡನೆಯ ಆವೃತ್ತಿಯನ್ನು ಅನುಸರಿಸುತ್ತಿದ್ದೇವೆ. ಕಳೆದ ವಾರ ಬಂದ ಒಂದು ವಾಕ್ಯ ಹೀಗಿದೆ. ಕಡತದ ಮುಖ್ಯ ಕಾಲಂಗಳನ್ನಷ್ಟೇ ಹಾಕಿದ್ದೇನೆ: ಪದದ ಕ್ರಮಸಂಖ್ಯೆ, ಪದ, ಅದು ಯಾವ ಪದಕ್ಕೆ ಸೇರುತ್ತದೋ ಅದರ ಸಂಖ್ಯೆ, ಆ ಸಂಬಂಧದ ಲೇಬಲ್.

```
1  ರೈತನು       7  nsubj
2  ಹಳೆಯ       3  amod
3  ಜೋಳ        7  obj
4  ಮತ್ತು        5  cc
5  ಗೋಧಿಯನ್ನು   3  conj
6  ಸಂತೆಯಲ್ಲಿ    7  obl
7  ಮಾರಿದನು    0  root
8  .           7  punct
```

ನಮ್ಮಿಬ್ಬರ ಗುರುತು ಎಂಟಕ್ಕೆ ಎಂಟೂ ಕೂಡಿತು. ಆದರೆ ಆಮೇಲೆ ಮಾತಿಗೆ ಕುಳಿತಾಗ, ನಾವಿಬ್ಬರೂ ಈ ವಾಕ್ಯವನ್ನು ಒಂದೇ ರೀತಿ ಓದಿಯೇ ಇರಲಿಲ್ಲ ಎಂಬುದು ತಿಳಿಯಿತು. ಅವಳ ಓದಿನಲ್ಲಿ ಜೋಳವೊಂದೇ ಹಳೆಯದು, ಗೋಧಿ ಈ ಸಲದ ಬೆಳೆ. ನನ್ನ ಓದಿನಲ್ಲಿ ಎರಡೂ ಹಳೆಯವು. ಅರ್ಥದಲ್ಲಿ ಇಷ್ಟು ಭೇದವಿದ್ದರೂ ಗೆರೆಗಳಲ್ಲಿ ಒಂದೂ ಭೇದ ಕಾಣಲಿಲ್ಲ. ಮುಂದೆ ಇದೇ ಕಡತವನ್ನು ಪದಗುಚ್ಛದ ಮರಗಳಾಗಿಯೂ ಪರಿವರ್ತಿಸಬೇಕೆಂದು ನಮ್ಮ ಮಾರ್ಗದರ್ಶಕರು ಹೇಳಿದ್ದಾರೆ. ಹಾಗಾದರೆ ನಾವು ಮೊದಲಿನಿಂದಲೇ ಪದಗುಚ್ಛದ ಪದ್ಧತಿಯಲ್ಲಿ ಗುರುತು ಹಾಕಬೇಕಾಗಿತ್ತೇ? ಈಗಾಗಲೇ ಇನ್ನೂರು ವಾಕ್ಯ ಮುಗಿದಿರುವುದರಿಂದ ಈ ಪ್ರಶ್ನೆ ನನ್ನನ್ನು ಬಹಳ ಕಾಡುತ್ತಿದೆ.

ಬಸವನ ಬಾಗೇವಾಡಿ ಮಾಸ್ತರ

ತಂಗಿ, ಇಷ್ಟಕ್ಕೆ ಚಿಂತೆ ಮಾಡುವ ಕಾರಣವಿಲ್ಲ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಾಕ್ಯವಿಶ್ಲೇಷಣೆ ಕಲಿಸಿದವನು. ‘ಮಾರಿದನು’ ಎಂಬುದು ಕ್ರಿಯಾಪದ. ಯಾರು ಮಾರಿದರು ಎಂದು ಕೇಳಿದರೆ ರೈತನು, ಅವನೇ ಕರ್ತೃ. ಏನನ್ನು ಮಾರಿದನು ಎಂದು ಕೇಳಿದರೆ ಜೋಳವನ್ನು, ಗೋಧಿಯನ್ನು; ಅವು ಕರ್ಮ. ಎಲ್ಲಿ ಎಂದು ಕೇಳಿದರೆ ಸಂತೆಯಲ್ಲಿ, ಅದು ಅಧಿಕರಣ. ಪಾಣಿನಿಯ ಕಾರಕಗಳನ್ನು ಹಿಡಿದು ನಡೆದರೆ ಕ್ರಿಯಾಪದದಿಂದ ಪ್ರತಿಯೊಂದು ನಾಮಪದಕ್ಕೂ ಸಂಬಂಧ ತಾನಾಗಿಯೇ ಸಿಗುತ್ತದೆ. ಇದಕ್ಕೆ ಗೆರೆ, ಆವರಣ ಎಂಬ ಎರಡು ದಾರಿಗಳ ಜಗಳವೇ ಬೇಕಿಲ್ಲ ಎಂದು ನನ್ನ ಅಭಿಪ್ರಾಯ.

ಇಳಕಲ್ ನೂಲು, ಬಾಗಲಕೋಟೆ

ಮಾಸ್ತರರೇ, ಅವರು ಕೇಳಿದ್ದು ಕರ್ತೃ, ಕರ್ಮ ಗುರುತಿಸುವುದು ಹೇಗೆಂದಲ್ಲ. ‘ಹಳೆಯ’ ಎಂಬ ವಿಶೇಷಣದ ವ್ಯಾಪ್ತಿ ಎಲ್ಲಿಯವರೆಗೆ ಎಂಬುದು ಅವರ ಪ್ರಶ್ನೆ. ನನಗೆ ತಿಳಿದಂತೆ ಅವಲಂಬನ ವ್ಯಾಕರಣದಲ್ಲಿ ಈ ವ್ಯಾಪ್ತಿಯನ್ನು ತೋರಿಸಲು ಸಾಧ್ಯವೇ ಇಲ್ಲ, ಏಕೆಂದರೆ ಅಲ್ಲಿ ಪದದಿಂದ ಪದಕ್ಕೆ ಗೆರೆ ಇರುತ್ತದೆಯೇ ಹೊರತು ಪದಗಳ ಗುಂಪು ಎಂಬುದೇ ಇರುವುದಿಲ್ಲ. ಪದಗುಚ್ಛದ ಪದ್ಧತಿಯಲ್ಲಾದರೆ ಎರಡು ಓದುಗಳೂ ಎರಡು ಬೇರೆ ಮರಗಳಾಗುತ್ತವೆ.

```
(NP (NP ಹಳೆಯ ಜೋಳ) ಮತ್ತು (NP ಗೋಧಿಯನ್ನು))
(NP ಹಳೆಯ (NP ಜೋಳ ಮತ್ತು ಗೋಧಿಯನ್ನು))
```

ಆದ್ದರಿಂದ ಆವರಣದ ಪದ್ಧತಿಗೆ ಹೊರಳುವುದೇ ಸರಿಯಾದ ದಾರಿ ಎಂದು ನನಗನ್ನಿಸುತ್ತದೆ.

ತೊರವಿ ದಾರಿ, ವಿಜಯಪುರ

ಇಳಕಲ್ಲಿನವರು ಹಾಕಿದ ಎರಡು ಮರಗಳು ಸರಿಯಾಗಿವೆ, ಆದರೆ ಅವರು ಅವುಗಳಿಂದ ತೆಗೆದ ತೀರ್ಮಾನ ಅರ್ಧ ಮಾತ್ರ ಸರಿ. ವ್ಯಾಪ್ತಿಯನ್ನು ತೋರಿಸಲಾಗದಿರುವುದು ಅವಲಂಬನ ವ್ಯಾಕರಣದ ದೋಷವಲ್ಲ. ಸಮುಚ್ಚಯಕ್ಕೆ ಈ ಒಂದು ಪದ್ಧತಿ ಆರಿಸಿಕೊಂಡ ಆಕಾರದ ಫಲ ಅದು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಆಧುನಿಕ ಅವಲಂಬನ ವ್ಯಾಕರಣಕ್ಕೆ ತಳಹದಿ ಹಾಕಿದ ಫ್ರಾನ್ಸಿನ ಲೂಸ್ಯಾಂ ತೆನ್ಯೇರ್ ಅವರ ಮುಖ್ಯ ಗ್ರಂಥವು ಅವರು ತೀರಿಕೊಂಡ ಮೇಲೆ, 1959ರಲ್ಲಿ, ಹೊರಬಂತು. ಒಂದು ಪದವು ಇನ್ನೊಂದರ ಅಧೀನದಲ್ಲಿರುವ ಸಂಬಂಧವನ್ನು ಅವರು ಮೇಲಿನಿಂದ ಕೆಳಕ್ಕೆ ಇಳಿಯುವ ಗೆರೆಯಾಗಿ ತೋರಿಸಿದರು. ‘ಜೋಳ ಮತ್ತು ಗೋಧಿ’ಯಂಥ ಸಮುಚ್ಚಯವನ್ನು ಮಾತ್ರ ಆ ಸಂಬಂಧದೊಳಗೆ ಸೇರಿಸದೆ, ಸರಿಸಮಾನರ ನಡುವಿನ ಅಡ್ಡ ಜೋಡಣೆಯೆಂದು ಬೇರೆಯಾಗಿಯೇ ಇಟ್ಟರು. ಜೋಳವು ಗೋಧಿಗೆ ಅಧೀನವಲ್ಲ, ಗೋಧಿಯೂ ಜೋಳಕ್ಕೆ ಅಧೀನವಲ್ಲ ಎಂಬುದು ಎಲ್ಲರೂ ಒಪ್ಪುವ ಮಾತೇ. ಆದರೆ ಕಂಪ್ಯೂಟರಿನ ಕಡತದಲ್ಲಿ ಪ್ರತಿ ಪದಕ್ಕೂ ಒಂದೇ ಒಂದು ಯಜಮಾನ ಪದ ಇರಲೇಬೇಕೆಂದು ನಿಯಮ ಮಾಡಿಕೊಂಡ ಮೇಲೆ, ಸಮಾನರಲ್ಲಿ ಯಾರನ್ನಾದರೂ ಒಬ್ಬರನ್ನು ಯಜಮಾನನನ್ನಾಗಿ ಮಾಡುವುದು ಅನಿವಾರ್ಯವಾಯಿತು. ಹೀಗೆ ಮಾಡುವಾಗ ಮುಖ್ಯವಾಗಿ ಮೂರು ಸಂಪ್ರದಾಯಗಳು ಬೆಳೆದವು. ಯೂನಿವರ್ಸಲ್ ಡಿಪೆಂಡೆನ್ಸೀಸ್ ಅನುಸರಿಸುವ ಸ್ಟ್ಯಾನ್‌ಫರ್ಡ್ ಸಂಪ್ರದಾಯದಲ್ಲಿ ಮೊದಲನೆಯ ಸದಸ್ಯನೇ ಯಜಮಾನ, ಉಳಿದ ಸದಸ್ಯರೆಲ್ಲ ಅವನಿಗೇ ತಗುಲಿಕೊಳ್ಳುತ್ತಾರೆ. ಮಾಸ್ಕೋ ಸಂಪ್ರದಾಯದಲ್ಲಿ ಒಬ್ಬರ ಬೆನ್ನಿಗೊಬ್ಬರು ಸರಪಳಿಯಂತೆ ತಗುಲಿಕೊಳ್ಳುತ್ತಾರೆ. ಝೆಕ್ ಭಾಷೆಯ ಪ್ರಾಗ್ ಟ್ರೀಬ್ಯಾಂಕಿನ ಸಂಪ್ರದಾಯದಲ್ಲಿ ‘ಮತ್ತು’ ಎಂಬ ಪದವೇ ಯಜಮಾನ.

ಪ್ರಾಗ್ ರೀತಿಯಲ್ಲಿ ಮಲಪ್ರಭಾ ಅವರ ವಾಕ್ಯವನ್ನು ಬರೆದರೆ ‘ಮತ್ತು’ ಹೋಗಿ ‘ಮಾರಿದನು’ವಿಗೆ ಸೇರುತ್ತದೆ, ‘ಜೋಳ’ವೂ ‘ಗೋಧಿಯನ್ನು’ವೂ ಹೋಗಿ ‘ಮತ್ತು’ವಿಗೆ ಸೇರುತ್ತವೆ, ಅವೆರಡೂ ಸಮುಚ್ಚಯದ ಸದಸ್ಯರೆಂದು ಲೇಬಲ್ಲಿನಲ್ಲೇ ಗುರುತಿರುತ್ತದೆ. ಈಗ ‘ಹಳೆಯ’ ಎಂಬುದಕ್ಕೆ ಎರಡು ಜಾಗಗಳಿವೆ. ಜೋಳವೊಂದೇ ಹಳೆಯದಾದರೆ ಅದು ‘ಜೋಳ’ಕ್ಕೆ ಸೇರುತ್ತದೆ. ಎರಡೂ ಹಳೆಯವಾದರೆ ಅದು ‘ಮತ್ತು’ವಿಗೆ ಸೇರುತ್ತದೆ, ಆದರೆ ಸದಸ್ಯನೆಂಬ ಗುರುತಿಲ್ಲದೆ. ಅಂದರೆ ಗೆರೆಗಳಿಂದಲೇ ವ್ಯಾಪ್ತಿಯನ್ನು ತೋರಿಸಿದಂತಾಯಿತು.

ಇದರ ಪರಿಣಾಮವನ್ನು ತಾಳೆಯ ಲೆಕ್ಕದಲ್ಲಿ ನೋಡಿ. ನಿಮ್ಮ ಈಗಿನ ಕಡತದಲ್ಲಿ ಇಬ್ಬರ ಹೊಂದಾಣಿಕೆ ಎಂಟಕ್ಕೆ ಎಂಟು, ಅಂದರೆ ಶೇಕಡಾ 100. ಅದೇ ಇಬ್ಬರು, ಅದೇ ಓದುಗಳನ್ನಿಟ್ಟುಕೊಂಡು ಪ್ರಾಗ್ ರೀತಿಯಲ್ಲಿ ಗುರುತು ಹಾಕಿದ್ದರೆ ಎಂಟರಲ್ಲಿ ಏಳು ಕೂಡುತ್ತಿದ್ದವು, ಶೇಕಡಾ 87.5. ಆವರಣದ ರೀತಿಯಲ್ಲಾದರೆ ಈ ನಾಮಪದಗುಚ್ಛದ ಹೊರಗಿನ ಆವರಣವೊಂದು ಮಾತ್ರ ಕೂಡುತ್ತಿತ್ತು, ಒಳಗಿನವು ಯಾವುವೂ ಕೂಡುತ್ತಿರಲಿಲ್ಲ. ಗುರುತು ಹಾಕುವವರಾಗಲಿ ಅವರ ತಿಳಿವಳಿಕೆಯಾಗಲಿ ಬದಲಾಗಿಲ್ಲ; ಪದ್ಧತಿಯು ಅವರನ್ನು ಕೇಳಿದ ಪ್ರಶ್ನೆಗಳು ಬದಲಾಗಿವೆ. ಆದ್ದರಿಂದ ನಿಮ್ಮ ಶೇಕಡಾ 100ನ್ನು ವರದಿಯಲ್ಲಿ ಬರೆಯುವಾಗ, ಯಾವ ಪ್ರಶ್ನೆಯನ್ನು ಕೇಳಿಯೇ ಇರಲಿಲ್ಲ ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಿರಿ ಎಂದು ನಾನು ಒತ್ತಾಯಿಸುತ್ತೇನೆ.

ಇನ್ನೊಂದು ಮಾತು. ಆವರಣದ ಪದ್ಧತಿಯಾದ ಮಾತ್ರಕ್ಕೆ ವ್ಯಾಪ್ತಿ ತಾನಾಗಿಯೇ ದಾಖಲಾಗುತ್ತದೆ ಎಂದೂ ಇಲ್ಲ. ಇಂಗ್ಲಿಷಿನ ಪೆನ್ ಟ್ರೀಬ್ಯಾಂಕಿನಲ್ಲಿ ನಾಮಪದಗುಚ್ಛಗಳ ಒಳರಚನೆಯನ್ನು ಬಹುಮಟ್ಟಿಗೆ ಬಿಡಿಸದೆ ಚಪ್ಪಟೆಯಾಗಿಯೇ ಬಿಟ್ಟಿದ್ದರು. ವಡಾಸ್ ಮತ್ತು ಕರನ್ ಎಂಬ ಸಂಶೋಧಕರು ಅದಕ್ಕೆ ಒಳ ಆವರಣಗಳನ್ನು ಸೇರಿಸಿದ್ದು 2007ರಲ್ಲಿ.

ಮಲಪ್ರಭಾ, ಬೆಳಗಾವಿ

ಸರ್, ತುಂಬಾ ಉಪಕಾರವಾಯಿತು. ಒಂದು ಅನುಮಾನ ಉಳಿದಿದೆ. ಈಗಿನ ಕಡತವನ್ನು ಹಾಗೆಯೇ ಇಟ್ಟುಕೊಂಡು, ಆಮೇಲೆ ಪ್ರೋಗ್ರಾಂ ಬರೆದು ಪದಗುಚ್ಛದ ಮರವಾಗಿ ಪರಿವರ್ತಿಸಿದರೆ ಈ ಮಾಹಿತಿ ಎಲ್ಲಿಂದ ಬರುತ್ತದೆ?

ತೊರವಿ ದಾರಿ, ವಿಜಯಪುರ

ಎಲ್ಲಿಂದಲೂ ಬರುವುದಿಲ್ಲ, ತಂಗಿ. ‘ಹಳೆಯ’ದಿಂದ ‘ಜೋಳ’ಕ್ಕೆ ಹೋದ ಗೆರೆಯನ್ನು ಕಂಡ ಪ್ರೋಗ್ರಾಂ, ಆವರಣವನ್ನು ಜೋಳದ ಬಳಿಯೇ ಮುಚ್ಚಬೇಕೋ ಗೋಧಿಯ ಆಚೆ ಮುಚ್ಚಬೇಕೋ ಎಂಬುದನ್ನು ಯಾವುದೋ ಒಂದು ಕಟ್ಟುನಿಟ್ಟಿನ ನಿಯಮದಿಂದ ತೀರ್ಮಾನಿಸುತ್ತದೆ, ಮತ್ತು ಐದುನೂರು ವಾಕ್ಯಗಳಿಗೂ ಅದನ್ನೇ ಅನ್ವಯಿಸುತ್ತದೆ. ನೋಡಿದವರಿಗೆ ಅದು ಮನುಷ್ಯರು ಓದಿ ಹಾಕಿದ ಆವರಣದಂತೆ ಕಾಣುತ್ತದೆ. ಇದೇ ನನಗೆ ಹೆಚ್ಚು ಅಪಾಯದ ವಿಷಯವೆನಿಸುತ್ತದೆ. ತದ್ವಿರುದ್ಧ ದಿಕ್ಕಿನಲ್ಲಿ, ಅಂದರೆ ಮೇಲೆ ತೋರಿಸಿದ ಎರಡು ಬೇರೆ ಮರಗಳನ್ನು ‘ಮೊದಲ ಸದಸ್ಯನೇ ಯಜಮಾನ’ ಎಂಬ ನಿಯಮದಿಂದ ಗೆರೆಗಳಾಗಿ ಇಳಿಸಿದರೆ, ಎರಡೂ ಒಂದೇ ಗೆರೆಚಿತ್ರವಾಗಿ ಬೀಳುತ್ತವೆ. ಆದುದರಿಂದ ವ್ಯಾಪ್ತಿಯ ಮಟ್ಟಿಗೆ ಆವರಣದಿಂದ ಗೆರೆಗೆ ಇಳಿಯಬಹುದು, ಗೆರೆಯಿಂದ ಆವರಣಕ್ಕೆ ಏರಲಾಗುವುದಿಲ್ಲ. ಬೇರೆ ಮಾಹಿತಿಯ ವಿಷಯದಲ್ಲಿ ಇದು ತಿರುಗುಮುರುಗಾಗುತ್ತದೆ: ‘ಸಂತೆಯಲ್ಲಿ’ ಎಂಬುದು ಕ್ರಿಯಾಪದಕ್ಕೆ ಯಾವ ಸಂಬಂಧದಲ್ಲಿದೆ ಎಂಬುದು ಗೆರೆಯ ಲೇಬಲ್ಲಿನಲ್ಲಿ ಬರೆದಿದೆ, ಬರಿಯ ಆವರಣದಲ್ಲಿ ಅದು ಇರುವುದಿಲ್ಲ.

ನೀವು ಇನ್ನೂರು ವಾಕ್ಯಗಳನ್ನು ಬಿಸಾಡಬೇಕಾಗಿಲ್ಲ. ಯೂನಿವರ್ಸಲ್ ಡಿಪೆಂಡೆನ್ಸೀಸ್ ಕಡತದಲ್ಲಿ ಹತ್ತು ಕಾಲಂಗಳಿವೆ, ಅವುಗಳಲ್ಲಿ ಒಂಬತ್ತನೆಯದು ಹೆಚ್ಚುವರಿ ಗೆರೆಗಳಿಗೆಂದೇ ಇದೆ. ಅಲ್ಲಿ ಒಂದು ಪದಕ್ಕೆ ಒಂದಕ್ಕಿಂತ ಹೆಚ್ಚು ಯಜಮಾನರು ಇರಬಹುದು. ನಿಮ್ಮ ಓದಿನ ಪ್ರಕಾರ ಎರಡನೆಯ ಪದದ ಆ ಕಾಲಂನಲ್ಲಿ `3:amod|5:amod` ಎಂದು ಬರೆಯಿರಿ. ನಿಮ್ಮ ಸಹಪಾಠಿಯ ಓದಿನಲ್ಲಿ ಅದು `3:amod` ಎಂದಷ್ಟೇ ಇರುತ್ತದೆ. ಸಮುಚ್ಚಯದ ಮೊದಲ ಸದಸ್ಯನಿಗೆ ವಿಶೇಷಣವಿರುವ ವಾಕ್ಯಗಳನ್ನು ಮಾತ್ರ ಹುಡುಕಿ ತೆಗೆದು ತಿದ್ದಿದರೆ ಸಾಕು.

ಗೋಕಾಕದ ನೀರು

ಮೇಲೆ ‘ಸಹಪಾಠಿ’ ಎಂದು ಉಲ್ಲೇಖವಾದವಳು ನಾನೇ. ವ್ಯಾಪ್ತಿಯ ವಿಷಯವನ್ನು ಒಪ್ಪುತ್ತೇನೆ. ಆದರೆ ನನಗೆ ಇದೇ ವಾಕ್ಯದಲ್ಲಿ ಇನ್ನೊಂದು ತೊಡಕು ಕಾಣುತ್ತಿದೆ. `obj` ಎಂಬ ಲೇಬಲ್ ‘ಜೋಳ’ದ ಮೇಲಿದೆ, ‘ಅನ್ನು’ ಪ್ರತ್ಯಯ ಮಾತ್ರ ‘ಗೋಧಿ’ಯ ಮೇಲಿದೆ. ನಾವು ಮುಗಿಸಿದ ವಾಕ್ಯಗಳ ಮೇಲೆ, ವಾಕ್ಯವನ್ನು ತಾನಾಗಿಯೇ ಬಿಡಿಸುವ ಒಂದು ಪಾರ್ಸರನ್ನು ಪ್ರಯೋಗಕ್ಕೆಂದು ತರಬೇತಿಗೊಳಿಸಿ ನೋಡಿದಾಗ, ಇಂಥ ಕೆಲವು ವಾಕ್ಯಗಳಲ್ಲಿ ಅದು ಮೊದಲ ಸದಸ್ಯನನ್ನು ಕರ್ತೃವೆಂದೇ ಗುರುತಿಸಿತು. ಕನ್ನಡದಲ್ಲಿ ‘ರೈತ ಜೋಳ ಮಾರಿದ’ ಎಂದು ಪ್ರತ್ಯಯವಿಲ್ಲದೆಯೂ ಹೇಳುತ್ತೇವೆ, ಆದ್ದರಿಂದ ‘ಜೋಳ’ ಇಲ್ಲಿ ಪ್ರತ್ಯಯ ಬಿಟ್ಟ ಕರ್ಮವಷ್ಟೇ, ಹೆಚ್ಚು ಯೋಚಿಸುವ ಅಗತ್ಯವಿಲ್ಲ ಎಂದು ನಾನು ಭಾವಿಸಿದ್ದೆ. ಇದು ಸರಿಯೇ?

ತೊರವಿ ದಾರಿ, ವಿಜಯಪುರ

ಜೋಳದ ವಿಷಯದಲ್ಲಿ ನಿಮ್ಮ ವಾದವನ್ನು ತಳ್ಳಿಹಾಕಲಾಗದು, ಏಕೆಂದರೆ ನಿರ್ಜೀವ ವಸ್ತುಗಳು ಕರ್ಮವಾದಾಗ ‘ಅನ್ನು’ ಬಿಡುವುದು ನಮ್ಮಲ್ಲಿ ಸಹಜ. ಆದ್ದರಿಂದಲೇ ಈ ವಾಕ್ಯದಿಂದ ಏನನ್ನೂ ಸಾಬೀತುಪಡಿಸಲಾಗುವುದಿಲ್ಲ. ಪರೀಕ್ಷೆಗೆ ಬೇರೆ ವಾಕ್ಯ ಬೇಕು. ಮನುಷ್ಯರನ್ನು ತನ್ನಿ, ‘ಅನ್ನು’ವಿನ ಬದಲು ‘ಗೆ’ ಹಾಕಿ: ‘ಗೌಡರು ಅಣ್ಣ ಮತ್ತು ತಮ್ಮನಿಗೆ ಹೊಲ ಕೊಟ್ಟರು.’ ಇಲ್ಲಿಂದ ‘ಮತ್ತು ತಮ್ಮನಿಗೆ’ ತೆಗೆದುಹಾಕಿ ನೋಡಿ. ‘ಗೌಡರು ಅಣ್ಣ ಹೊಲ ಕೊಟ್ಟರು’ ಎಂಬುದು ಕನ್ನಡವಾಗುವುದಿಲ್ಲ. ‘ಗೆ’ ಪ್ರತ್ಯಯವನ್ನು ಸಾಮಾನ್ಯವಾಗಿ ಹೀಗೆ ಬಿಡಲು ಬರುವುದಿಲ್ಲ, ಆದರೂ ‘ಅಣ್ಣ’ನ ಮೇಲೆ ಅದು ಕಾಣುವುದಿಲ್ಲ. ಅಂದರೆ ‘ಗೆ’ ಎಂಬುದು ತಮ್ಮನೊಬ್ಬನಿಗೆ ಅಂಟಿದಂತೆ ಕಂಡರೂ ‘ಅಣ್ಣ ಮತ್ತು ತಮ್ಮ’ ಎಂಬ ಇಡೀ ಗುಂಪಿಗೆ ಸೇರಿದೆ.

ಈ ಗುಂಪನ್ನು ತೋರಿಸಲು ಆವರಣಕ್ಕೆ ಸುಲಭ, ಆದರೆ ಒಂದು ಷರತ್ತಿನ ಮೇಲೆ: ಪ್ರತ್ಯಯವನ್ನು ಪದದಿಂದ ಬಿಡಿಸಿ ಬೇರೆ ಘಟಕವನ್ನಾಗಿ ಮಾಡಿರಬೇಕು. ‘ತಮ್ಮನಿಗೆ’ ಎಂಬುದನ್ನು ಒಡೆಯದೆ ಒಂದೇ ಎಲೆಯಾಗಿ ಇಟ್ಟುಕೊಂಡರೆ ಆವರಣದ ಪದ್ಧತಿಯೂ ಇಲ್ಲಿ ಅಷ್ಟೇ ಅಸಹಾಯಕವಾಗಿರುತ್ತದೆ. ಗೆರೆಯ ಪದ್ಧತಿಗಳಲ್ಲಿ ಮೊದಲ ಸದಸ್ಯನನ್ನು ಯಜಮಾನನನ್ನಾಗಿಸಿದರೆ ವಿಭಕ್ತಿ ಇಲ್ಲದ ಪದಕ್ಕೆ ಕಾರಕದ ಲೇಬಲ್ ಬೀಳುತ್ತದೆ, ನಿಮ್ಮ ಪಾರ್ಸರ್ ಎಡವುತ್ತಿರುವುದು ಅಲ್ಲಿಯೇ. ಕ್ರಿಯಾಪದ ಕೊನೆಗೆ ಬರುವ ನಮ್ಮಂಥ ಭಾಷೆಗಳಲ್ಲಿ ಕೊನೆಯ ಸದಸ್ಯನೇ ಯಜಮಾನನಾಗುವುದು ಹೆಚ್ಚು ಸಹಜ. ಜಪಾನಿ ಮತ್ತು ಕೊರಿಯನ್ ಭಾಷೆಗಳ ಮೇಲೆ ಕೆಲಸ ಮಾಡುವವರು ಇದೇ ತೊಂದರೆಯನ್ನು 2018ರಲ್ಲಿ ಯೂನಿವರ್ಸಲ್ ಡಿಪೆಂಡೆನ್ಸೀಸ್ ಕಾರ್ಯಾಗಾರದಲ್ಲಿ ಎತ್ತಿದ್ದರು. ಆದರೂ ಆ ಪದ್ಧತಿಯ ಮಾರ್ಗಸೂಚಿ ಎಲ್ಲ ಭಾಷೆಗಳಿಗೂ ಮೊದಲ ಸದಸ್ಯನನ್ನೇ ಯಜಮಾನನೆನ್ನುತ್ತದೆ. ಭಾಷೆಗಳನ್ನು ಪರಸ್ಪರ ಹೋಲಿಸಲು ಅನುಕೂಲವಾಗಲಿ ಎಂಬುದು ಅದರ ಉದ್ದೇಶ.

ನಿಮ್ಮ ಕಡತದಲ್ಲಿ ಇದು ಎಷ್ಟು ಕಡೆ ಆಗಿದೆ ಎಂದು ತಿಳಿಯಲು ಒಂದು ಉಪಾಯವಿದೆ. `conj` ಗೆರೆಯ ಎರಡೂ ತುದಿಗಳ ವಿಭಕ್ತಿಯನ್ನು ಹೋಲಿಸಿ. ಯಜಮಾನನಲ್ಲಿ `Case=Nom`, ಸದಸ್ಯನಲ್ಲಿ `Case=Acc` ಅಥವಾ `Case=Dat` ಇರುವ ವಾಕ್ಯಗಳನ್ನೆಲ್ಲ ಪಟ್ಟಿ ಮಾಡಿ. ಅವುಗಳನ್ನು ಕಣ್ಣಾರೆ ಓದಿದರೆ, ಗುಂಪಿಗೆ ಸೇರಿದ ಪ್ರತ್ಯಯ ಯಾವುದು, ನಿಜವಾದ ತಪ್ಪು ಗುರುತು ಯಾವುದು ಎಂಬುದು ತಿಳಿಯುತ್ತದೆ.

ಬಸವನ ಬಾಗೇವಾಡಿ ಮಾಸ್ತರ

ಮೊದಲು ನಾನು ಪ್ರಶ್ನೆಯನ್ನು ತಪ್ಪಾಗಿ ತಿಳಿದಿದ್ದೆ, ಮನ್ನಿಸಿ. ಆದರೆ ಈಗ ನೀವು ಹಿಡಿದಿರುವ ವಾಕ್ಯಗಳ ಬಗ್ಗೆಯೇ ನನ್ನದೊಂದು ಆಕ್ಷೇಪವಿದೆ. ‘ಅಣ್ಣ ಮತ್ತು ತಮ್ಮನಿಗೆ’ ಎಂದು ನಮ್ಮ ಹಳ್ಳಿಯಲ್ಲಿ ಯಾರೂ ಮಾತಾಡುವುದಿಲ್ಲ. ‘ಅಣ್ಣಗೂ ತಮ್ಮಗೂ’ ಎನ್ನುತ್ತಾರೆ. ಬರೆಯುವಾಗ ‘ಅಣ್ಣನಿಗೂ ತಮ್ಮನಿಗೂ’. ಪ್ರತಿಯೊಂದು ಪದಕ್ಕೂ ವಿಭಕ್ತಿಯಿದೆ, ಪ್ರತಿಯೊಂದಕ್ಕೂ ‘ಊ’ ಇದೆ. ‘ಮತ್ತು’ ಎಂಬ ಪದವೇ ಇಲ್ಲ. ಅಂಥ ವಾಕ್ಯದಲ್ಲಿ ಯಜಮಾನ ಯಾರು? ಬರೆದ ಕನ್ನಡದ ಒಂದು ಬಗೆಯನ್ನು ಮಾತ್ರ ನೋಡಿ ನಿಯಮ ಕಟ್ಟಬೇಡಿ ಎಂಬುದು ನನ್ನ ಕಳಕಳಿ.

ಕೂಡಲಸಂಗಮ

ಮಾಸ್ತರರು ಬಹಳ ಮುಖ್ಯವಾದ ಪ್ರಶ್ನೆ ಎತ್ತಿದ್ದಾರೆ, ಏಕೆಂದರೆ ‘ಮತ್ತು’ವನ್ನೇ ಯಜಮಾನನನ್ನಾಗಿಸುವ ಪದ್ಧತಿಗಳು ಕನ್ನಡದಲ್ಲಿ ನಿಲ್ಲುವುದೇ ಇಲ್ಲಿ. ‘ಜೋಳವನ್ನೂ ಗೋಧಿಯನ್ನೂ ಮಾರಿದನು’ ಎಂಬಲ್ಲಿ ಯಜಮಾನನಾಗಲು ಪದವೇ ಸಿಗುವುದಿಲ್ಲ. ಹೆಚ್ಚಿನ ಬರೆಹಗಳಲ್ಲಿ ನಡುವೆ ಅಲ್ಪವಿರಾಮವೂ ಇರುವುದಿಲ್ಲ. ಹೈದರಾಬಾದಿನ ಐಐಐಟಿಯಲ್ಲಿ ಪಾಣಿನೀಯ ಕಾರಕಗಳನ್ನು ಆಧಾರವಾಗಿಟ್ಟುಕೊಂಡು ಭಾರತೀಯ ಭಾಷೆಗಳಿಗಾಗಿ ರೂಪಿಸಿದ ಅವಲಂಬನ ಪದ್ಧತಿಯಲ್ಲೂ ಸಮುಚ್ಚಯ ಪದವೇ ಯಜಮಾನ, ಸದಸ್ಯರಿಗೆ `ccof` ಎಂಬ ಲೇಬಲ್. ಅಂಥ ಪದವಿಲ್ಲದ ಕಡೆ `NULL` ಎಂಬ ಖಾಲಿ ಗಂಟನ್ನು ಸೇರಿಸಬೇಕಾಗುತ್ತದೆ. ಮಾಸ್ತರರು ಮೊದಲು ಹೇಳಿದ ಕರ್ತೃ, ಕರ್ಮಗಳೇ ಆ ಪದ್ಧತಿಯಲ್ಲಿ `k1`, `k2` ಆಗಿವೆ, ಹಾಗಾಗಿ ಅವರ ಮೊದಲ ಮಾತೂ ವಿಷಯದಿಂದ ಅಷ್ಟು ದೂರದ್ದಲ್ಲ.

ಖಾಲಿ ಗಂಟು ಹಾಕುವುದು ಹೇಳಿದಷ್ಟು ಹಗುರವಲ್ಲ. ಅದನ್ನು ಎಲ್ಲಿ ಹಾಕಬೇಕು, ಹಾಕಬೇಕೋ ಬೇಡವೋ ಎಂಬುದರಲ್ಲೇ ಇಬ್ಬರು ಭಿನ್ನರಾದರೆ ಇಬ್ಬರ ವಾಕ್ಯಗಳಲ್ಲಿ ಪದಗಳ ಸಂಖ್ಯೆಯೇ ಬೇರೆಯಾಗುತ್ತದೆ, ಆಗ ಸಾಲಿಗೆ ಸಾಲು ಹೋಲಿಸುವ ತಾಳೆಯ ಲೆಕ್ಕವೇ ಕೆಟ್ಟುಹೋಗುತ್ತದೆ. ಜೊತೆಗೆ, ಹೊಸ ವಾಕ್ಯ ಬಂದಾಗ ಪಾರ್ಸರ್ ಆ ಖಾಲಿ ಗಂಟನ್ನು ತಾನೇ ಊಹಿಸಿ ಹುಟ್ಟಿಸಬೇಕಾಗುತ್ತದೆ. ಮೊದಲ ಸದಸ್ಯನನ್ನು ಯಜಮಾನನನ್ನಾಗಿಸುವ ಪದ್ಧತಿಗೆ ಈ ಕಷ್ಟವಿಲ್ಲ, `cc` ಇಲ್ಲದೆ `conj` ಒಂದೇ ಸಾಕು. ಆದ್ದರಿಂದ ತೊರವಿಯವರು ಪ್ರಾಗ್ ರೀತಿಯನ್ನು ಹೊಗಳಿದಷ್ಟು ನಾನು ಹೊಗಳಲಾರೆ.

ಹೆಚ್ಚುವರಿ ಗೆರೆಗಳ ಬಗ್ಗೆಯೂ ಒಂದು ಎಚ್ಚರಿಕೆ. ‘ಜೋಳ ಮತ್ತು ಗೋಧಿಯ ಹಿಟ್ಟು ತಂದಳು’ ಎಂಬ ವಾಕ್ಯಕ್ಕೆ ಮೂರು ಓದುಗಳಿವೆ. ಕಾಳಾಗಿಯೇ ಇರುವ ಜೋಳ ಮತ್ತು ಗೋಧಿಯ ಹಿಟ್ಟು ಎಂಬುದು ಒಂದು. ಎರಡರ ಹಿಟ್ಟೂ ಬೇರೆ ಬೇರೆ ಚೀಲಗಳಲ್ಲಿ ಎಂಬುದು ಇನ್ನೊಂದು. ಎರಡನ್ನೂ ಕೂಡಿಸಿ ಬೀಸಿದ ಒಂದೇ ಹಿಟ್ಟು ಎಂಬುದು ಮೂರನೆಯದು. ಮೊದಲನೆಯದನ್ನು ಉಳಿದೆರಡರಿಂದ ಬೇರ್ಪಡಿಸಲು ಸಾಧಾರಣ ಗೆರೆಗಳೇ ಸಾಕು: ಅಲ್ಲಿ ‘ಜೋಳ’ವು ‘ತಂದಳು’ವಿಗೆ ಸೇರಿ ‘ಹಿಟ್ಟು’ ಜೋಳದ `conj` ಆಗುತ್ತದೆ, ಉಳಿದೆರಡರಲ್ಲಿ ‘ಹಿಟ್ಟು’ ನೇರವಾಗಿ ‘ತಂದಳು’ವಿಗೆ ಸೇರಿ ‘ಜೋಳ’ ಅದರ ಕೆಳಗೆ ಇಳಿಯುತ್ತದೆ. ಆದರೆ ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಭೇದವನ್ನು ಗೆರೆಯೂ ತೋರಿಸುವುದಿಲ್ಲ, ಹೆಚ್ಚುವರಿ ಗೆರೆಯೂ ತೋರಿಸುವುದಿಲ್ಲ, ಆವರಣವೂ ತೋರಿಸುವುದಿಲ್ಲ. ಅದು ಅರ್ಥದ ಪದರದಲ್ಲಿ ದಾಖಲಾಗಬೇಕಾದ ವಿಷಯ. ವಾಕ್ಯರಚನೆಯ ಕಡತದಲ್ಲಿ ಅದನ್ನು ತುರುಕಲು ಹೋದರೆ ಗುರುತು ಹಾಕುವವರು ದಣಿಯುತ್ತಾರೆ.

ಸಂತೆ ಲೆಕ್ಕ, ಬಾಗಲಕೋಟೆ

ನನ್ನದು ಭಾಷಾಶಾಸ್ತ್ರವಲ್ಲ, ಪ್ರೋಗ್ರಾಮಿಂಗ್. ಧಾರಣೆಯ ಸುದ್ದಿಗಳಿಂದ ಯಾವ ದಿನ ಯಾವ ಬೆಳೆ ಮಾರಾಟವಾಯಿತು ಎಂಬುದನ್ನು ತೆಗೆದು ಪಟ್ಟಿ ಮಾಡುವ ಒಂದು ಪ್ರೋಗ್ರಾಂ ಬರೆದಿದ್ದೆ. ಕ್ರಿಯಾಪದಕ್ಕೆ `obj` ಆಗಿರುವ ಪದವನ್ನು ಎತ್ತಿಕೊಳ್ಳುವಂತೆ ಬರೆದಿದ್ದೆ. ಬಹಳ ದಿನಗಳವರೆಗೆ ಪಟ್ಟಿಯಲ್ಲಿ ಜೋಳ, ಕಡಲೆ, ಹೆಸರು ಇದ್ದವು, ಗೋಧಿ ಮಾತ್ರ ತೀರಾ ಕಡಿಮೆ ಕಾಣುತ್ತಿತ್ತು. ಈ ಚರ್ಚೆ ಓದಿದ ಮೇಲೆ ಕಾರಣ ಹೊಳೆಯಿತು. ನಮ್ಮ ಕಡೆ ಬರೆಯುವಾಗ ಜೋಳವನ್ನು ಮೊದಲು ಹೇಳುವುದೇ ರೂಢಿ, ಗೋಧಿ ಯಾವಾಗಲೂ ಎರಡನೆಯ ಸದಸ್ಯ, ಹಾಗಾಗಿ ಅದಕ್ಕೆ `conj` ಎಂಬ ಲೇಬಲ್ ಇತ್ತು, `obj` ಇರಲಿಲ್ಲ. ನಾನೇನು ಮಾಡಬೇಕು?

ತೊರವಿ ದಾರಿ, ವಿಜಯಪುರ

ನಿಮ್ಮ ಪ್ರೋಗ್ರಾಂ `obj` ಸಿಕ್ಕ ಮೇಲೆ ಅಲ್ಲಿಗೇ ನಿಲ್ಲದೆ, ಆ ಪದದಿಂದ ಹೊರಡುವ `conj` ಗೆರೆಗಳನ್ನೂ ಹಿಂಬಾಲಿಸಬೇಕು. ಇಲ್ಲವೇ ಒಂಬತ್ತನೆಯ ಕಾಲಂನಲ್ಲಿ ‘ಗೋಧಿಯನ್ನು’ ಎಂಬುದಕ್ಕೆ `3:conj|7:obj` ಎಂದಿದ್ದರೆ ನೀವು ಬರೆದಿರುವುದೇ ಸಾಕಾಗುತ್ತದೆ. ಈ ಗೆರೆಯನ್ನು ಬಹುಪಾಲು ಯಂತ್ರದಿಂದಲೇ ಸೇರಿಸಬಹುದು, ಏಕೆಂದರೆ ಸದಸ್ಯರೆಲ್ಲ ಒಂದೇ ಕಾರಕದವರಾಗಿರುತ್ತಾರೆ. ‘ಹಳೆಯ’ದ ಗೆರೆಯನ್ನು ಮಾತ್ರ ಯಂತ್ರಕ್ಕೆ ಬಿಡಬೇಡಿ, ಅದನ್ನು ಮನುಷ್ಯರೇ ಓದಿ ನಿರ್ಧರಿಸಬೇಕು.

ಕೂಡಲಸಂಗಮದವರು ಖಾಲಿ ಗಂಟಿನ ಬಗ್ಗೆ ಹೇಳಿದ್ದನ್ನು ನಾನು ಒಪ್ಪುತ್ತೇನೆ. ಪ್ರಾಗ್ ರೀತಿಯನ್ನು ಉದಾಹರಿಸಿದ್ದು ಗೆರೆಗಳಿಂದಲೂ ವ್ಯಾಪ್ತಿಯನ್ನು ತೋರಿಸಬಹುದು ಎಂಬುದಕ್ಕೆ, ಕನ್ನಡಕ್ಕೆ ಅದೇ ಬೇಕೆಂದಲ್ಲ.

ಇಳಕಲ್ ನೂಲು, ಬಾಗಲಕೋಟೆ

ನನ್ನ ತೀರ್ಮಾನ ಅವಸರದ್ದಾಗಿತ್ತು ಎಂಬುದು ಅರ್ಥವಾಯಿತು. ಆದರೂ ಕೇಳುತ್ತೇನೆ: ಎರಡು ಪದ್ಧತಿಗಳಲ್ಲೂ ಇಷ್ಟು ತೇಪೆ ಹಾಕಬೇಕೆಂದಾದರೆ, ವ್ಯಾಪ್ತಿಯನ್ನು ಸುಲಭವಾಗಿ ತೋರಿಸುವ ಆವರಣವನ್ನೇ ಕನ್ನಡಕ್ಕೆ ಏಕೆ ಆರಿಸಬಾರದು?

ಕೂಡಲಸಂಗಮ

ಪದಗಳ ಸ್ಥಾನ ಬದಲಾಯಿಸಿ ನೋಡಿ, ಕಾರಣ ಕಾಣುತ್ತದೆ. ‘ಹಳೆಯ ಜೋಳ ಮತ್ತು ಗೋಧಿಯನ್ನು ರೈತನು ಸಂತೆಯಲ್ಲಿ ಮಾರಿದನು’ ಎಂದರೆ ಗೆರೆಗಳಲ್ಲಿ ಒಂದೂ ಬದಲಾಗುವುದಿಲ್ಲ, ಪದಗಳ ಕ್ರಮಸಂಖ್ಯೆ ಮಾತ್ರ ಬದಲಾಗುತ್ತದೆ. ಆವರಣದಲ್ಲಿ ಕರ್ಮವನ್ನೂ ಕ್ರಿಯಾಪದವನ್ನೂ ಒಂದು ಗುಚ್ಛವೆಂದು ಹಿಡಿದಿದ್ದರೆ, ಈಗ ರೈತನು ಅವುಗಳ ನಡುವೆ ಬಂದು ಕುಳಿತ. ಪೆನ್ ಟ್ರೀಬ್ಯಾಂಕ್ ಇಂಥ ಕಡೆ ಮೊದಲಿನ ಜಾಗದಲ್ಲಿ ಖಾಲಿ ಕುರುಹು ಇಟ್ಟು, ಎರಡನ್ನೂ ಒಂದೇ ಸಂಖ್ಯೆಯಿಂದ ಕಟ್ಟುತ್ತದೆ. ಜರ್ಮನ್ ಭಾಷೆಯ ನೆಗ್ರಾ ಮತ್ತು ಟೈಗರ್ ಟ್ರೀಬ್ಯಾಂಕುಗಳು ಕೊಂಬೆಗಳು ಒಂದನ್ನೊಂದು ದಾಟಿಹೋಗಲು ಅನುಮತಿ ಕೊಟ್ಟವು. ಕರ್ಮ, ಕ್ರಿಯಾಪದಗಳ ಗುಚ್ಛವನ್ನೇ ಕೈಬಿಟ್ಟು ವಾಕ್ಯವನ್ನು ಚಪ್ಪಟೆಯಾಗಿ ಬರೆಯುವುದು ಮೂರನೆಯ ದಾರಿ. ಹಾಗೆ ಮಾಡಿದರೆ ಆ ಮಟ್ಟದಲ್ಲಿ ಆವರಣ ತಿಳಿಸುವುದು ಹೆಚ್ಚೇನೂ ಉಳಿಯುವುದಿಲ್ಲ. ಕನ್ನಡದಲ್ಲಿ ಕರ್ಮವನ್ನು ಮುಂದೆ ತರುವುದು ಅಪರೂಪದ ರಚನೆಯಲ್ಲ, ದಿನಪತ್ರಿಕೆಯ ಯಾವುದೇ ಪುಟದಲ್ಲಿ ಸಿಗುತ್ತದೆ. ಅಷ್ಟು ಕುರುಹುಗಳನ್ನು ತಪ್ಪಿಲ್ಲದೆ ಹಾಕಲು ಇಬ್ಬರು ವಿದ್ಯಾರ್ಥಿನಿಯರಿಗೆ ಎಷ್ಟು ಕಾಲ ಬೇಕಾದೀತೆಂಬುದನ್ನೂ ನೋಡಬೇಕು.

ಗೆರೆಗಳಿಗೂ ಇಂಥ ತೊಂದರೆ ಇಲ್ಲದಿಲ್ಲ. ‘ಈ ಚೀಲವನ್ನು ಸುಮಾ ನಾನು ಹೊರಬೇಕೆಂದು ಹೇಳಿದಳು’ ಎಂಬಲ್ಲಿ ‘ಚೀಲವನ್ನು’ ಎಂಬುದು ‘ಹೊರಬೇಕು’ವಿಗೆ, ‘ಸುಮಾ’ ಎಂಬುದು ‘ಹೇಳಿದಳು’ವಿಗೆ ಸೇರುವುದರಿಂದ ಗೆರೆಗಳೇ ಒಂದನ್ನೊಂದು ಕತ್ತರಿಸುತ್ತವೆ. ಗುರುತು ಹಾಕುವವರಿಗೆ ಇದರಿಂದ ಕಷ್ಟವಿಲ್ಲ, ಆದರೆ ಗೆರೆಗಳು ದಾಟುವುದಿಲ್ಲ ಎಂದು ನಂಬಿ ಬರೆದ ಪಾರ್ಸರುಗಳು ಇಂಥ ವಾಕ್ಯವನ್ನು ಎಂದೂ ಸರಿಯಾಗಿ ಬಿಡಿಸಲಾರವು.

ಮಲಪ್ರಭಾ, ಬೆಳಗಾವಿ

ಎಲ್ಲ ಹಿರಿಯರಿಗೂ ನಮ್ಮಿಬ್ಬರ ವಂದನೆಗಳು. ಮಾರ್ಗದರ್ಶಕರೊಡನೆ ಮಾತಾಡಿ ನಾವು ಹೀಗೆ ನಿರ್ಧರಿಸಿದ್ದೇವೆ. ಸಾಧಾರಣ ಗೆರೆಗಳನ್ನು ಈಗಿರುವಂತೆಯೇ ಇಡುತ್ತೇವೆ. ಸಮುಚ್ಚಯದ ಮೊದಲ ಸದಸ್ಯನ ಹಿಂದೆ ವಿಶೇಷಣ ಬಂದಲ್ಲೆಲ್ಲ ಒಂಬತ್ತನೆಯ ಕಾಲಂನಲ್ಲಿ ವ್ಯಾಪ್ತಿಯನ್ನು ಇಬ್ಬರೂ ಬೇರೆ ಬೇರೆಯಾಗಿ ತುಂಬುತ್ತೇವೆ, ಅದರ ಹೊಂದಾಣಿಕೆಯನ್ನು ಸಾಧಾರಣ ಗೆರೆಗಳ ಹೊಂದಾಣಿಕೆಯೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ವರದಿ ಮಾಡುತ್ತೇವೆ. ನಿರ್ಧರಿಸಲು ಇಬ್ಬರೂ ಒಂದೇ ಪರೀಕ್ಷೆ ಬಳಸುತ್ತೇವೆ: ಸದಸ್ಯರನ್ನು ಅದಲುಬದಲು ಮಾಡಿ ‘ಗೋಧಿ ಮತ್ತು ಹಳೆಯ ಜೋಳವನ್ನು’ ಎಂದು ಓದುವುದು, ಹಿಂದುಮುಂದಿನ ವಾಕ್ಯಗಳೊಂದಿಗೆ ಅರ್ಥ ಹಾಗೆಯೇ ಉಳಿದರೆ ವ್ಯಾಪ್ತಿ ಜೋಳಕ್ಕಷ್ಟೇ ಎಂದು ಹಿಡಿಯುವುದು. ಪದಗುಚ್ಛದ ಮರಗಳಿಗೆ ಪರಿವರ್ತಿ‌ಸುವ ಪ್ರೋಗ್ರಾಂ ಈ ಕಾಲಂ ಖಾಲಿಯಿರುವ ಕಡೆ ಆವರಣವನ್ನು ಊಹಿಸದೆ ಚಪ್ಪಟೆಯಾಗಿ ಬಿಡುತ್ತದೆ.

ಪ್ರತ್ಯಯವನ್ನು ಬಿಡಿಸುವ ವಿಷಯದಲ್ಲಿ ಮಾತ್ರ ನಾವಿಬ್ಬರೂ ಇನ್ನೂ ಒಂದಾಗಿಲ್ಲ. ‘ತಮ್ಮನಿಗೆ’ ಎಂಬುದನ್ನು ‘ತಮ್ಮ’ ಮತ್ತು ‘ಗೆ’ ಎಂದು ಒಡೆದರೆ ‘ಅಣ್ಣ ಮತ್ತು ತಮ್ಮನಿಗೆ’ ಎಂಬಲ್ಲಿ ‘ಗೆ’ ಹೋಗಿ ಯಜಮಾನನಾದ ‘ಅಣ್ಣ’ನಿಗೇ ಸೇರಬಹುದು, ಲೇಬಲ್ಲೂ ವಿಭಕ್ತಿಯೂ ಒಂದೆಡೆ ಕೂಡುತ್ತವೆ. ಆದರೆ ನಡುವಿನ ‘ನಿ’ ಯಾವ ಕಡೆಗೆ ಹೋಗಬೇಕು ಎಂದು ನನ್ನ ಸಹಪಾಠಿ ಕೇಳುತ್ತಾಳೆ, ನನ್ನಲ್ಲಿ ಉತ್ತರವಿಲ್ಲ.

ಬಸವನ ಬಾಗೇವಾಡಿ ಮಾಸ್ತರ

ಆ ‘ನಿ’ಯ ಮಾತನ್ನು ನನಗೆ ಬಿಡು ತಂಗಿ. ನಾಳೆ ‘ಮರಕ್ಕೆ’, ‘ಹೊಲಕ್ಕೆ’, ‘ತಮ್ಮನಿಗೆ’, ‘ಊರಿಗೆ’ ಈ ನಾಲ್ಕನ್ನೂ ಬಿಡಿಸಿ ಬರೆಯುತ್ತೇನೆ. ನಾಲ್ಕಕ್ಕೂ ಒಂದೇ ರೀತಿಯಲ್ಲಿ ಒಡೆಯಲು ಬಂದರೆ ಮಾತ್ರ ಒಡೆಯಿರಿ, ಬಾರದಿದ್ದರೆ ಪದಗಳನ್ನು ಇದ್ದಂತೆಯೇ ಇಡಿ.

ಗೋಕಾಕದ ನೀರು

ಮಾಸ್ತರರೇ, ಆ ಪಟ್ಟಿಗೆ ‘ಜೋಳ ಗೋಧಿ ಮಾರಿದನು’ ಎಂಬುದನ್ನೂ ಸೇರಿಸಿಕೊಳ್ಳಿ. ಅಲ್ಲಿ ‘ಮತ್ತು’ ಇಲ್ಲ, ‘ಊ’ ಇಲ್ಲ, ವಿಭಕ್ತಿಯೂ ಇಲ್ಲ. ಅದು ‘ಅಣ್ಣತಮ್ಮ’ದಂತೆ ಒಂದೇ ಜೋಡುಪದವೋ ಇಲ್ಲವೇ ಎರಡು ಸದಸ್ಯರ ಸಮುಚ್ಚಯವೋ ಎಂಬುದರಲ್ಲಿ ನಮ್ಮ ಇಂದಿನ ತಾಳೆ ಮತ್ತೆ ತಪ್ಪಿದೆ.